ನೋಡಬಹುದು, ಮುಟ್ಟುವಂತಿಲ್ಲ

ಜಿಲ್ಲಾ ಕೇಂದ್ರವೊಂದರಲ್ಲಿ ನಾಲ್ಕು ನೂರು ಸದಸ್ಯರ ಒಂದು ರಿಕ್ರಿಯೇಷನ್ ಕ್ಲಬ್ ಇದೆ ಎಂದಿಟ್ಟುಕೊಳ್ಳೋಣ. ಷಟಲ್ ಕೋರ್ಟು, ಇಸ್ಪೀಟಿನ ಕೋಣೆ, ಕ್ಯಾಂಟೀನು, ಮದುವೆ-ನಾಮಕರಣಗಳಿಗೆ ಬಾಡಿಗೆಗೆ ಹೋಗುವ ಸಭಾಂಗಣ. ಅದರ ಖಜಾಂಚಿ ಕಾರ್ಯಕಾರಿ ಸಮಿತಿಗೆ ಹೀಗೊಂದು ಇಮೇಲ್ ಕಳಿಸುತ್ತಾರೆ: "ಮಾನ್ಯ ಅಧ್ಯಕ್ಷರಿಗೆ ಹಾಗೂ ಸಮಿತಿಯ ಸದಸ್ಯರಿಗೆ ನಮಸ್ಕಾರ. ಮಾರ್ಚ್ 31ಕ್ಕೆ ಲೆಕ್ಕದ ವರ್ಷ ಮುಗಿಯುತ್ತದೆ. ಹಿಂದಿನಂತೆ ಲೆಡ್ಜರುಗಳನ್ನು ಎಕ್ಸೆಲ್ ಮಾಡಿ ಪೆನ್‌ಡ್ರೈವಿನಲ್ಲಿ ಆಡಿಟರ್ ಕಚೇರಿಗೆ ಕಳಿಸುವ ಬದಲು, ಈ ಸಲ ನಮ್ಮ ಲೆಕ್ಕದ ತಂತ್ರಾಂಶಕ್ಕೇ ಅವರಿಗೊಂದು ಲಾಗಿನ್ ಕೊಡೋಣ ಎಂಬುದು ನನ್ನ ಸಲಹೆ. ಅದರಲ್ಲಿ ಅವರು ಎಲ್ಲವನ್ನೂ ನೋಡಬಹುದು. ಸೇರಿಸುವ, ತಿದ್ದುವ, ಅಳಿಸುವ ಅವಕಾಶ ಇರುವುದಿಲ್ಲ. ಮಹಾಸಭೆ ಮುಗಿದ ಮರುದಿನ ಲಾಗಿನ್ ರದ್ದಾಗುತ್ತದೆ. ಒಪ್ಪಿಗೆಯಿದ್ದರೆ ಮುಂದಿನ ಸಭೆಯ ನಡಾವಳಿಯಲ್ಲಿ ದಾಖಲಿಸಬೇಕೆಂದು ಕೋರುತ್ತೇನೆ."

ಸಮಿತಿಯಲ್ಲಿ ಹೆಚ್ಚಿನವರು ಇದನ್ನು ಕಚೇರಿಯ ಒಂದು ಸಣ್ಣ ಅನುಕೂಲ ಎಂದು ಓದುತ್ತಾರೆ. ಒಬ್ಬಿಬ್ಬರು ಆಡಿಟರ್ ಮೇಲಿನ ಅಪನಂಬಿಕೆ ಎಂದು ಓದುತ್ತಾರೆ. ಎರಡೂ ಓದು ಗುರಿ ತಪ್ಪುತ್ತವೆ. ಈ ಏಳೆಂಟು ಸಾಲುಗಳ ಹಿಂದೆ ಕಂಪ್ಯೂಟರ್ ವಿಜ್ಞಾನದ ಐವತ್ತು ವರ್ಷಗಳ ಒಂದು ಚರ್ಚೆ ಇದೆ. ಆಡಿಟರ್ ಕಂಡ ಒಂದು ಅಂಕಿ ಯಾವಾಗ ಸಾಕ್ಷ್ಯವಾಗುತ್ತದೆ, ಯಾವಾಗ ಬರೀ ಅಂಕಿಯಾಗಿ ಉಳಿಯುತ್ತದೆ ಎಂಬುದು ಆ ಚರ್ಚೆಯ ತಿರುಳು. ತಿದ್ದುವ ಅಧಿಕಾರವಿಲ್ಲದೆ ನೋಡುವ ಅಧಿಕಾರ ಪೂರ್ತಿಯಾಗಿ ಸಿಕ್ಕಾಗ ಮಾತ್ರ ಆತ ಕಂಡದ್ದಕ್ಕೆ ಸಾಕ್ಷ್ಯದ ಬೆಲೆ ಬರುತ್ತದೆ ಎಂಬುದು ನನ್ನ ವಾದ. ಈ ಏರ್ಪಾಡಿನಲ್ಲಿ ಹೆಚ್ಚು ಕಟ್ಟುಪಾಡಿಗೆ ಒಳಗಾಗುವವರು ಆಡಿಟರ್ ಅಲ್ಲ, ಇಮೇಲ್ ಬರೆದ ಖಜಾಂಚಿಯೇ ಎಂಬುದನ್ನೂ ಗಮನಿಸಬೇಕು.

1971ರಲ್ಲಿ ಬಟ್ಲರ್ ಲ್ಯಾಂಪ್ಸನ್ ಎಂಬ ಕಂಪ್ಯೂಟರ್ ವಿಜ್ಞಾನಿ ಯಾರಿಗೆ ಏನು ಮಾಡುವ ಅಧಿಕಾರವಿದೆ ಎಂಬುದನ್ನು ಒಂದು ಚೌಕಪಟ್ಟಿಯಾಗಿ ಬರೆಯಬಹುದೆಂದು ತೋರಿಸಿದರು. ಅಡ್ಡಸಾಲಿಗೆ ಒಬ್ಬೊಬ್ಬ ಬಳಕೆದಾರ, ಉದ್ದಸಾಲಿಗೆ ಒಂದೊಂದು ದಾಖಲೆ. ಎರಡೂ ಕೂಡುವ ಮನೆಯಲ್ಲಿ ಓದಬಹುದೇ, ಬರೆಯಬಹುದೇ ಎಂಬ ಗುರುತು. ಕ್ಲಬ್ಬಿನ ಪಟ್ಟಿಯಲ್ಲಿ ವ್ಯವಸ್ಥಾಪಕರಿಗೆ ರಸೀದಿ ನಮೂದಿಸುವ ಅಧಿಕಾರ, ಖಜಾಂಚಿಗೆ ಅದನ್ನು ಅನುಮೋದಿಸುವ ಅಧಿಕಾರ ಇರಬಹುದು. ಆಡಿಟರ್ ಸಾಲಿನ ಪ್ರತಿ ಮನೆಯಲ್ಲೂ 'ಓದು' ಎಂದಷ್ಟೇ ಇರಬೇಕು. ನಾಲ್ಕು ವರ್ಷಗಳ ನಂತರ, 1975ರಲ್ಲಿ, ಜೆರೋಮ್ ಸಾಲ್ಟ್ಸರ್ ಮತ್ತು ಮೈಕೆಲ್ ಶ್ರೋಡರ್ ಕಂಪ್ಯೂಟರಿನಲ್ಲಿರುವ ಮಾಹಿತಿಯ ರಕ್ಷಣೆಯ ಬಗ್ಗೆ ಬರೆದ ಲೇಖನದಲ್ಲಿ ಈ ಮನೆಗಳನ್ನು ತುಂಬುವ ನಿಯಮಗಳನ್ನು ಮುಂದಿಟ್ಟರು. ಪ್ರತಿಯೊಬ್ಬರಿಗೂ ಅವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ, ಅದಕ್ಕಿಂತ ಒಂದಿಷ್ಟೂ ಹೆಚ್ಚಿಲ್ಲ ಎಂಬುದು ಅವುಗಳಲ್ಲಿ ಇಂದಿಗೂ ಹೆಚ್ಚು ಉಲ್ಲೇಖವಾಗುವ ನಿಯಮ. ಆಡಿಟರ ಕೆಲಸ ಪರಿಶೀಲನೆ. ಪರಿಶೀಲನೆಗೆ ಓದುವುದು ಸಾಕು. ನಿಯಮವನ್ನು ಇಲ್ಲಿಗೆ ಹಚ್ಚುವುದು ಅಷ್ಟು ಸರಳ.

ಆದರೆ ಆ ಕಾಲದ ಭದ್ರತಾ ಸಂಶೋಧನೆಗೆ ಹಣ ಹರಿದದ್ದು ಬಹುಪಾಲು ಅಮೆರಿಕದ ಸೇನೆಯಿಂದ. ಸೇನೆಯ ಚಿಂತೆ ಗುಟ್ಟು ಹೊರಗೆ ಹೋಗಬಾರದು ಎಂಬುದು. 1973ರಲ್ಲಿ ಬೆಲ್ ಮತ್ತು ಲಾಪಡುಲಾ ರೂಪಿಸಿದ ಪ್ರಸಿದ್ಧ ಮಾದರಿ ಕೇಳುವ ಮುಖ್ಯ ಪ್ರಶ್ನೆ, ಯಾರು ಏನನ್ನು ಓದಬಹುದು ಎಂಬುದು. ಲೆಕ್ಕದ ಪುಸ್ತಕದ ಚಿಂತೆ ಇದಕ್ಕೆ ತಿರುಗುಮುರುಗು. ಕ್ಲಬ್ಬಿನ ವಿದ್ಯುತ್ ಬಿಲ್ಲನ್ನು ಹೊರಗಿನವರು ಓದಿದರೆ ಆಗುವ ನಷ್ಟ ಅಲ್ಪ. ಯಾರೋ ಅದನ್ನು ಸದ್ದಿಲ್ಲದೆ ತಿದ್ದಿದರೆ ಇಡೀ ಪುಸ್ತಕದ ಮೇಲಿನ ಭರವಸೆಯೇ ಹೋಗುತ್ತದೆ. 1987ರಲ್ಲಿ ಡೇವಿಡ್ ಕ್ಲಾರ್ಕ್ ಮತ್ತು ಡೇವಿಡ್ ವಿಲ್ಸನ್ ಎತ್ತಿ ಹೇಳಿದ್ದು ಇದನ್ನೇ. ಕ್ಲಾರ್ಕ್ ಎಂಐಟಿಯ ಕಂಪ್ಯೂಟರ್ ವಿಜ್ಞಾನಿ. ವಿಲ್ಸನ್ ಅರ್ನ್ಸ್ಟ್ ಅಂಡ್ ವಿನ್ನಿ ಎಂಬ ಲೆಕ್ಕಪರಿಶೋಧನಾ ಸಂಸ್ಥೆಯವರು. ವ್ಯಾಪಾರದ ಲೋಕಕ್ಕೆ ಗುಟ್ಟಿಗಿಂತ ದತ್ತಾಂಶದ ನೆಟ್ಟಗಿರುವಿಕೆ ಮುಖ್ಯ, ಅದಕ್ಕೆ ಬೇಕಾದ ನಿಯಮಗಳು ಬೇರೆ ಎಂದು ಅವರು ವಾದಿಸಿದರು. ಆ ನಿಯಮಗಳನ್ನು ಅವರು ಹೊಸದಾಗಿ ಹುಟ್ಟಿಸಲಿಲ್ಲ, ಗುಮಾಸ್ತರ ಲೋಕದಿಂದ ಎತ್ತಿಕೊಂಡರು: ಪ್ರತಿ ವ್ಯವಹಾರವೂ ನಿಗದಿತ ದಾರಿಯಲ್ಲೇ ಪುಸ್ತಕ ಸೇರಬೇಕು, ಜಮಾ ಮತ್ತು ಖರ್ಚು ಎರಡೂ ಕಡೆ ಒಟ್ಟಿಗೆ ದಾಖಲಾಗಬೇಕು, ಮಾಡುವವನೂ ತಪಾಸಣೆ ಮಾಡುವವನೂ ಒಬ್ಬನೇ ಆಗಿರಬಾರದು, ಆದದ್ದೆಲ್ಲ ಅಳಿಸಲಾಗದ ಒಂದು ದಿನಚರಿಯಲ್ಲಿ ಉಳಿಯಬೇಕು. ಕಂಪ್ಯೂಟರ್ ವಿಜ್ಞಾನ ಲೆಕ್ಕದ ಮನೆಗೆ ಬುದ್ಧಿ ಹೇಳಲು ಹೋಗಿ, ಕೊನೆಗೆ ಅಲ್ಲಿಂದಲೇ ಕಲಿತು ಬಂದಂತಾಯಿತು.

ಇದು ಕ್ಲಬ್ಬಿನ ಮಟ್ಟದಲ್ಲಿ ಹೇಗೆ ಕೆಲಸ ಮಾಡುತ್ತದೆಂದು ಒಂದೇ ಒಂದು ರಸೀದಿಯನ್ನು ಹಿಡಿದು ನೋಡೋಣ. ನವೆಂಬರ್ 8ರಂದು ಸಭಾಂಗಣದ ಬಾಡಿಗೆ ₹12,000 ನಗದಾಗಿ ಬರುತ್ತದೆ. ರಸೀದಿ ಸಂಖ್ಯೆ 417. ತಂತ್ರಾಂಶದಲ್ಲಿ ನಗದು ಖಾತೆಗೆ 12,000 ಡೆಬಿಟ್, ಸಭಾಂಗಣ ಬಾಡಿಗೆ ಖಾತೆಗೆ 12,000 ಕ್ರೆಡಿಟ್. ನವೆಂಬರ್ 17ರ ರಾತ್ರಿ ಯಾರೋ ಆ ವೋಚರನ್ನು ತೆರೆದು ಮೊತ್ತವನ್ನು ₹2,000 ಎಂದು ತಿದ್ದುತ್ತಾರೆ. ವೋಚರಿನ ದಿನಾಂಕ ನವೆಂಬರ್ 8 ಆಗಿಯೇ ಉಳಿಯುತ್ತದೆ. ಪೆಟ್ಟಿಗೆಯಲ್ಲಿದ್ದ ಹತ್ತು ಸಾವಿರ ಜೇಬಿಗೆ ಇಳಿಯುತ್ತದೆ. ಮರುದಿನ ನಗದು ಎಣಿಸಿದರೆ ಪುಸ್ತಕಕ್ಕೂ ಪೆಟ್ಟಿಗೆಗೂ ಸರಿಯಾಗಿ ಹೊಂದುತ್ತದೆ. ಟ್ರಯಲ್ ಬ್ಯಾಲೆನ್ಸ್ ತೆಗೆದರೆ ಅದೂ ತಾಳೆಯಾಗುತ್ತದೆ, ಏಕೆಂದರೆ ತಿದ್ದಿದಾಗ ಎರಡೂ ಕಡೆ ಹತ್ತು ಹತ್ತು ಸಾವಿರ ಕಡಿಮೆಯಾಗಿದೆ. ಎರಡು ಕಡೆಯೂ ಬರೆಯುವ ಪದ್ಧತಿ ಕೈತಪ್ಪಿನ ಎಷ್ಟೋ ತಪ್ಪುಗಳನ್ನು ಹಿಡಿಯುತ್ತದೆ. ಬುದ್ಧಿಪೂರ್ವಕವಾಗಿ ಎರಡೂ ಕಡೆ ಸಮನಾಗಿ ಹೇಳಿದ ಸುಳ್ಳನ್ನು ಹಿಡಿಯುವ ಶಕ್ತಿ ಅದಕ್ಕಿಲ್ಲ.

ಈಗ ಪೆನ್‌ಡ್ರೈವಿನ ಎಕ್ಸೆಲ್ ಹಾಳೆಯಲ್ಲಿ ಆಡಿಟರ್ ಕಾಣುವುದೇನು? ನವೆಂಬರ್ 8, ರಸೀದಿ 417, ₹2,000. ಅಷ್ಟೇ. ಆ ಹಾಳೆ ಮಾರ್ಚ್ 31ರ ಹೊತ್ತಿಗೆ ಪುಸ್ತಕ ಹೇಗಿತ್ತೋ ಅದರ ಒಂದು ಚಿತ್ರ. ಪುಸ್ತಕ ಆ ರೂಪಕ್ಕೆ ಹೇಗೆ ಬಂತು ಎಂಬ ಇತಿಹಾಸ ಅದರಲ್ಲಿಲ್ಲ. ವೋಚರನ್ನು ತಿದ್ದುವ ಬದಲು ಪೂರ್ತಿ ಅಳಿಸಿದ್ದರೆ ರಸೀದಿ ಸಂಖ್ಯೆಗಳ ನಡುವೆ ಒಂದು ಖಾಲಿ ಜಾಗವಾದರೂ ಉಳಿಯುತ್ತಿತ್ತಲ್ಲ ಎನ್ನಬಹುದು. ಹಳೆಯ ಕಾಲದ ಆಡಿಟರುಗಳು ಮೊದಲು ಹುಡುಕುತ್ತಿದ್ದದ್ದು ಅದನ್ನೇ. ಆದರೆ ಸಂಖ್ಯೆಯನ್ನು ತಂತ್ರಾಂಶವೇ ಕೊಡುವಂತೆ ಇಟ್ಟಿದ್ದರೆ, ನಡುವಿನ ಒಂದು ವೋಚರ್ ಅಳಿಸಿದಾಗ ಮುಂದಿನವು ತಾವಾಗಿ ಒಂದೊಂದು ಸಂಖ್ಯೆ ಹಿಂದೆ ಸರಿದು ಸಾಲು ಕೂಡಿಕೊಳ್ಳುವ ವ್ಯವಸ್ಥೆ ಕೆಲವು ತಂತ್ರಾಂಶಗಳಲ್ಲಿದೆ. ಟ್ಯಾಲಿಪ್ರೈಮ್‌ನ ಈಚಿನ ಆವೃತ್ತಿಗಳಲ್ಲಿ ಹಾಗಾಗದಂತೆ ಮೂಲ ಸಂಖ್ಯೆಯನ್ನೇ ಉಳಿಸಿಕೊಳ್ಳುವ ಆಯ್ಕೆ ಇದೆ. ಕ್ಲಬ್ಬಿನಲ್ಲಿ ಯಾವ ಆಯ್ಕೆ ಚಾಲ್ತಿಯಲ್ಲಿದೆ ಎಂಬುದನ್ನು ಎಕ್ಸೆಲ್ ಹಾಳೆ ಹೇಳುವುದಿಲ್ಲ. ತಂತ್ರಾಂಶದ ಒಳಗೆ ಕೂತು ನೋಡಿದವರಿಗೆ ಅದು ಕಾಣುತ್ತದೆ.

ಒಳಗೆ ಕಾಣುವ ಮುಖ್ಯ ವಸ್ತು ಎಡಿಟ್ ಲಾಗ್, ಅಂದರೆ ತಿದ್ದುಪಡಿಗಳ ದಿನಚರಿ. 417ನೇ ವೋಚರಿನ ಲಾಗ್ ತೆರೆದರೆ ಎರಡು ರೂಪಗಳು ಪಕ್ಕಪಕ್ಕದಲ್ಲಿ ಸಿಗುತ್ತವೆ: ಮೊದಲನೆಯದರಲ್ಲಿ 12,000, ಎರಡನೆಯದರಲ್ಲಿ 2,000, ಜೊತೆಗೆ ತಿದ್ದಿದ ದಿನ, ಹೊತ್ತು, ಲಾಗಿನ್ ಹೆಸರು. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಕಂಪನಿ ಕಾಯ್ದೆಯಡಿ ನೋಂದಣಿಯಾದ ಸಂಸ್ಥೆಗಳು ಇಂಥ ಲಾಗ್ ಇರುವ, ಅದನ್ನು ನಿಲ್ಲಿಸಲು ಬಾರದ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ ಜಾರಿಯಲ್ಲಿದೆ. ಕರ್ನಾಟಕದ ಎಷ್ಟೋ ಕ್ಲಬ್ಬುಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಬರುವ ಸಂಘಗಳು. ಕಂಪನಿಗಳಿಗೆ ಮಾಡಿದ ಈ ನಿಯಮ ಅವಕ್ಕೆ ಅನ್ವಯಿಸುವುದಿಲ್ಲ. ಆದ್ದರಿಂದ ಲಾಗ್ ಚಾಲ್ತಿಯಲ್ಲಿಡುವುದು ಸಮಿತಿಯೇ ತೀರ್ಮಾನಿಸಬೇಕಾದ ವಿಷಯ. ಖಜಾಂಚಿಯ ಇಮೇಲಿನಲ್ಲಿ ಇದರ ಮಾತು ಬಂದಿಲ್ಲ, ಬರಬೇಕಿತ್ತು. ಲಾಗ್ ಇಲ್ಲದ ಪುಸ್ತಕವನ್ನು ನೋಡುವ ಅಧಿಕಾರ ಕೊಟ್ಟರೆ ಎಕ್ಸೆಲ್ ಹಾಳೆಯನ್ನೇ ಬೇರೆ ಪರದೆಯಲ್ಲಿ ತೋರಿಸಿದಂತಾಗುತ್ತದೆ.

ಈಗ ತಿದ್ದುವ ಅಧಿಕಾರದ ಪ್ರಶ್ನೆಗೆ ಬರೋಣ. ಆಡಿಟರ್ ಕಚೇರಿಯ ಸಹಾಯಕರಿಗೂ ವೋಚರ್ ತಿದ್ದುವ ಲಾಗಿನ್ ಕೊಟ್ಟಿತ್ತು ಎಂದುಕೊಳ್ಳಿ. ಸಣ್ಣ ಸಂಸ್ಥೆಗಳಲ್ಲಿ ಇದು ಅಪರೂಪವೇನಲ್ಲ. ಎಲ್ಲರೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಬಳಸುವುದೂ ಉಂಟು. ಎಡಿಟ್ ಲಾಗ್‌ನಲ್ಲಿ `admin` ಎಂಬ ಹೆಸರಿದೆ. ವ್ಯವಸ್ಥಾಪಕರನ್ನು ಕೇಳಿದರೆ "ಆಡಿಟರ್ ಕಡೆಯ ಹುಡುಗರು ಸರಿಪಡಿಸಿರಬೇಕು ಸಾರ್" ಎನ್ನುತ್ತಾರೆ. ಆಡಿಟರ್ ಕಚೇರಿಯಲ್ಲಿ ಕೇಳಿದರೆ "ನಮಗೆ ಗೊತ್ತಿಲ್ಲ, ಕ್ಲಬ್ಬಿನವರೇ ಮಾಡಿರಬೇಕು" ಎನ್ನುತ್ತಾರೆ. ಇಬ್ಬರಲ್ಲಿ ಯಾರ ಮಾತೂ ನಿಜವಿರಬಹುದು; ಇಬ್ಬರ ಮಾತನ್ನೂ ಒರೆಗೆ ಹಚ್ಚುವ ದಾರಿ ಇಲ್ಲ. ಆಡಿಟರ್ ಲಾಗಿನ್ ಬೇರೆಯಿದ್ದು, ಅದಕ್ಕೆ ಬರೆಯುವ ಶಕ್ತಿಯೇ ಇಲ್ಲದಿದ್ದರೆ ಎಡಿಟ್ ಲಾಗ್‌ನ ಪ್ರತಿ ತಿದ್ದುಪಡಿಯೂ ಕ್ಲಬ್ಬಿನ ಒಳಗಿನದೇ ಎಂಬುದು ಮೊದಲೇ ಇತ್ಯರ್ಥವಾಗಿರುತ್ತದೆ. ಉಳಿದವರಿಗೂ ಒಬ್ಬೊಬ್ಬರಿಗೊಂದು ಲಾಗಿನ್ ಇದ್ದರೆ ಪ್ರಶ್ನೆ ಒಬ್ಬರ ಮುಂದೆ ಬಂದು ನಿಲ್ಲುತ್ತದೆ. ನೋಡಲು ಮಾತ್ರ ಇರುವ ಅಧಿಕಾರದ ನಿಜವಾದ ಲಾಭ ಇದು: ಯಾರು ತಿದ್ದಿರಬಹುದು ಎಂಬ ಪಟ್ಟಿಯಿಂದ ಪರೀಕ್ಷಿಸುವವನ ಹೆಸರು ಹೊರಗೆ ಹೋಗುತ್ತದೆ. ತಾನು ತಿದ್ದಿರಬಹುದಾದ ಪುಸ್ತಕದ ಬಗ್ಗೆ ಆತ ಕೊಡುವ ವರದಿಯಲ್ಲಿ ಅಷ್ಟರ ಮಟ್ಟಿಗೆ ತನ್ನ ಕೆಲಸಕ್ಕೆ ತಾನೇ ಕೊಟ್ಟ ಪ್ರಮಾಣಪತ್ರ ಬೆರೆತಿರುತ್ತದೆ.

"ಇಪ್ಪತ್ತು ವರ್ಷದಿಂದ ನಮ್ಮ ಲೆಕ್ಕ ನೋಡುವವರು, ಅವರನ್ನೇ ಅನುಮಾನಿಸುವುದೇ?" ಎಂಬ ಆಕ್ಷೇಪಕ್ಕೆ ಉತ್ತರ ಇದರಲ್ಲೇ ಇದೆ. ಒಳ್ಳೆಯ ಆಡಿಟರ್ ತಿದ್ದುವ ಲಾಗಿನ್ ಕೊಟ್ಟರೂ ಬೇಡವೆನ್ನುತ್ತಾರೆ, ಏಕೆಂದರೆ ನಾಳೆ ಏನಾದರೂ ಹೊರಬಿದ್ದರೆ ಆ ಲಾಗಿನ್ ಅವರ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಅನುಕೂಲದ್ದು. ವರ್ಷದ ಕೊನೆಗೆ ಸವಕಳಿ ಕಳೆಯಬೇಕು, ಬಾಕಿ ಬಡ್ಡಿ ಸೇರಿಸಬೇಕು, ಬಂಡವಾಳ ವೆಚ್ಚವನ್ನು ದುರಸ್ತಿ ಖಾತೆಗೆ ಬರೆದಿದ್ದರೆ ಬದಲಿಸಬೇಕು. ಇದೆಲ್ಲ ಚೆನ್ನಾಗಿ ಗೊತ್ತಿರುವುದು ಆಡಿಟರ್ ಕಚೇರಿಗೆ. ಅವರೇ ನಮೂದಿಸಿದರೆ ಅರ್ಧ ದಿನದ ಕೆಲಸ. ಖಜಾಂಚಿಗೆ ಬರೆದು ಕಳಿಸಿ, ಅವರು ನಮೂದಿಸಿ, ಮತ್ತೆ ನೋಡುವುದೆಂದರೆ ವಾರ. ಈ ವಾರದ ತೊಂದರೆ ನಿಜವಾದದ್ದು, ಅದನ್ನು ತಳ್ಳಿಹಾಕಲಾಗದು. ಆದರೆ ಆ ವಾರಕ್ಕೆ ಪ್ರತಿಯಾಗಿ ಸಿಗುವುದೇನು ನೋಡಿ. ಆಡಿಟರ್ ತಮ್ಮ ಸಲಹೆಯನ್ನು ಕಾರಣಸಹಿತ ಬರೆದು ಕಳಿಸುತ್ತಾರೆ. ಖಜಾಂಚಿ ಅದನ್ನು ಓದಿ, ಒಪ್ಪಿದ್ದನ್ನು ತಮ್ಮ ಲಾಗಿನ್‌ನಿಂದ ಜರ್ನಲ್ ವೋಚರ್ ಆಗಿ ಹಾಕುತ್ತಾರೆ. ಪುಸ್ತಕ ಕ್ಲಬ್ಬಿನದಾಗಿಯೇ, ಅಭಿಪ್ರಾಯ ಆಡಿಟರದಾಗಿಯೇ ಉಳಿಯುತ್ತದೆ. ಕಂಪನಿಗಳ ವಿಷಯದಲ್ಲಿ 2013ರ ಕಾಯ್ದೆಯ 144ನೇ ಕಲಮು, ಆಡಿಟರ್ ತಾವು ಪರಿಶೋಧಿಸುವ ಕಂಪನಿಗೇ ಲೆಕ್ಕ ಬರೆದುಕೊಡುವ ಸೇವೆ ಒದಗಿಸುವುದನ್ನು ನಿಷೇಧಿಸುತ್ತದೆ. ಕ್ಲಬ್ಬಿಗೆ ಆ ಕಲಮು ತಗಲದಿದ್ದರೂ ಅದರ ಹಿಂದಿನ ಕಾರಣ ತಗಲುತ್ತದೆ.

ಎಕ್ಸೆಲ್ ಹಾಳೆಯೇ ಸಾಕು, ಹೊರಗಿನವರಿಗೆ ಲಾಗಿನ್ ಏಕೆ ಎನ್ನುವವರಿಗೆ ಸತ್ಯಂ ಕಂಪನಿಯ ಪ್ರಕರಣವನ್ನು ನೆನಪಿಸಬೇಕು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗರಾಜು ತಮ್ಮ ಪತ್ರದಲ್ಲಿ ಒಪ್ಪಿಕೊಂಡಂತೆ, ಲೆಕ್ಕಪತ್ರದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ ₹5,040 ಕೋಟಿ ಇಲ್ಲದ ಹಣ. ಇಷ್ಟು ದೊಡ್ಡ ಸುಳ್ಳು ವರ್ಷಗಟ್ಟಲೆ ಆಡಿಟ್ ದಾಟಿದ್ದು ಹೇಗೆ? ಅಮೆರಿಕದ ನಿಯಂತ್ರಕ ಸಂಸ್ಥೆಗಳು 2011ರಲ್ಲಿ ಗುರುತಿಸಿದ ಮುಖ್ಯ ಲೋಪ ಇದು: ಬ್ಯಾಂಕಿನಲ್ಲಿ ಹಣವಿದೆ ಎಂಬ ದೃಢೀಕರಣವನ್ನು ಆಡಿಟರುಗಳು ಬ್ಯಾಂಕಿನಿಂದ ತಾವೇ ನೇರವಾಗಿ ತರಿಸಿಕೊಳ್ಳುವ ಹಿಡಿತವನ್ನು ಬಿಟ್ಟುಕೊಟ್ಟು, ಕಂಪನಿಯ ಆಡಳಿತದ ಕೈಯಿಂದ ಬಂದದ್ದನ್ನು ನಂಬಿದ್ದರು. ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯ ಮಾನದಂಡಗಳಲ್ಲಿ 500ನೆಯದು ಸಾಕ್ಷ್ಯದ ಬಗ್ಗೆ ಇದೆ. ಆಡಿಟರ್ ಸ್ವತಃ ನೇರವಾಗಿ ಪಡೆದ ಸಾಕ್ಷ್ಯ ಬೇರೆಯವರ ಮೂಲಕ ಬಂದದ್ದಕ್ಕಿಂತ ಹೆಚ್ಚು ನೆಚ್ಚಬಹುದಾದದ್ದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಖಜಾಂಚಿ ಆರಿಸಿ ಕಳಿಸಿದ ಹಾಳೆಯಲ್ಲಿ ಇರುವುದು ಸರಿಯೇ ಎಂದು ಪರೀಕ್ಷಿಸಬಹುದು. ಅದರಲ್ಲಿ ಇಲ್ಲದ್ದು ಏನು ಎಂಬುದನ್ನು ಆ ಹಾಳೆಯಿಂದಲೇ ಪರೀಕ್ಷಿಸಲು ಬರುವುದಿಲ್ಲ. ತಮ್ಮ ಈ ಆಯ್ಕೆಯ ಅಧಿಕಾರವನ್ನು ಖಜಾಂಚಿ ತಾವೇ ಬಿಟ್ಟುಕೊಡುತ್ತಿದ್ದಾರೆ. ಇಮೇಲಿನ ತೂಕ ಇರುವುದು ಅಲ್ಲಿ.

ಸದಸ್ಯರ ಖಾಸಗಿತನದ ಆಕ್ಷೇಪಕ್ಕೆ ಇಷ್ಟು ಚೊಕ್ಕ ಉತ್ತರವಿಲ್ಲ. ಸದಸ್ಯರ ಬಾಕಿ, ಫೋನ್ ಸಂಖ್ಯೆ, ಯಾರು ಕ್ಯಾಂಟೀನಿನಲ್ಲಿ ಎಷ್ಟು ಸಾಲ ಇಟ್ಟಿದ್ದಾರೆ ಎಂಬುದೆಲ್ಲ ಆ ತಂತ್ರಾಂಶದಲ್ಲಿದೆ. ನೋಡಲು ಬಂದದ್ದನ್ನು ನಕಲು ಮಾಡಲೂ ಬರುತ್ತದೆ. ಪರದೆಯ ಚಿತ್ರ ತೆಗೆಯುವುದನ್ನು ಯಾವ ತಂತ್ರಾಂಶವೂ ಪೂರ್ತಿ ತಡೆಯಲಾರದು. ಓದುವ ಅಧಿಕಾರವೂ ಅಧಿಕಾರವೇ, ಸೇನೆಯವರ ಚಿಂತೆ ಇಲ್ಲಿ ಹಿಂದಿನ ಬಾಗಿಲಿನಿಂದ ಮರಳಿ ಬರುತ್ತದೆ. ಹಾಗೆಂದು ಸದಸ್ಯರ ಹೆಸರುಗಳನ್ನೇ ಮುಚ್ಚಿದರೆ ಬಾಕಿದಾರರು ನಿಜವಾಗಿ ಇದ್ದಾರೆಯೇ ಎಂದು ಆಡಿಟರ್ ಪರೀಕ್ಷಿಸುವುದು ಹೇಗೆ? ನನ್ನ ಮಟ್ಟಿಗೆ ಸರಿಯೆನಿಸುವ ರಾಜಿ, ಲೆಕ್ಕಕ್ಕೆ ಬೇಕಾದ ಹೆಸರು-ಮೊತ್ತಗಳನ್ನು ತೋರಿಸಿ, ಜನ್ಮದಿನಾಂಕ, ಫೋಟೋ, ಗುರುತಿನ ಚೀಟಿಯ ಪ್ರತಿಗಳಂಥವನ್ನು ಲೆಕ್ಕದ ತಂತ್ರಾಂಶದಿಂದಲೇ ಬೇರೆ ಕಡೆ ಇಡುವುದು. ಮಹಾಸಭೆಯ ಮರುದಿನ ಲಾಗಿನ್ ರದ್ದು ಎಂಬ ಖಜಾಂಚಿಯ ಸಾಲು ಈ ದೃಷ್ಟಿಯಿಂದ ಬಹಳ ಮುಖ್ಯ. ಯಾರು ರದ್ದು ಮಾಡಬೇಕು ಎಂಬ ಹೆಸರನ್ನೂ ಸೇರಿಸಿದರೆ ಅದು ನಿಜವಾಗಿ ನಡೆಯುವ ಸಾಧ್ಯತೆ ಹೆಚ್ಚು.

ಕೊನೆಯದಾಗಿ, 'ನೋಡಲು ಮಾತ್ರ' ಎಂದು ಹೆಸರಿಟ್ಟ ಲಾಗಿನ್ ನಿಜಕ್ಕೂ ಹಾಗಿದೆಯೇ ಎಂಬ ತಾಂತ್ರಿಕ ಪ್ರಶ್ನೆ. ಇದನ್ನು ಎರಡು ರೀತಿ ಮಾಡಬಹುದು. ಪರದೆಯ ಮೇಲಿನ 'ತಿದ್ದು' ಗುಂಡಿಯನ್ನು ಮರೆಮಾಡುವುದು ಒಂದು. ದತ್ತಾಂಶ ಇರುವ ಜಾಗದಲ್ಲೇ ಆ ಹೆಸರಿನಿಂದ ಬಂದ ಬರೆಯುವ ಕೋರಿಕೆಯನ್ನೆಲ್ಲ ನಿರಾಕರಿಸುವುದು ಇನ್ನೊಂದು. ಎರಡನೆಯದನ್ನು ದತ್ತಸಂಚಯದ ಭಾಷೆಯಲ್ಲಿ ಹೀಗೆ ಬರೆಯುತ್ತಾರೆ:

```
GRANT SELECT ON vouchers TO auditor;
GRANT SELECT ON edit_log TO auditor;
```

`SELECT` ಎಂದರೆ ಓದುವುದು. ಸೇರಿಸುವ `INSERT`, ಬದಲಿಸುವ `UPDATE`, ಅಳಿಸುವ `DELETE` ಈ ಸಾಲುಗಳಲ್ಲಿ ಇಲ್ಲ. ಬೇರೆ ಕಡೆಯಿಂದಲೂ ಕೊಟ್ಟಿಲ್ಲವಾದರೆ ಅವು ನಡೆಯುವುದಿಲ್ಲ. ಪ್ರತಿ ಕೋರಿಕೆಯನ್ನೂ ಪ್ರತಿ ಸಲವೂ ತಡೆದು ನೋಡಬೇಕು ಎಂಬುದು ಸಾಲ್ಟ್ಸರ್-ಶ್ರೋಡರ್ ಅವರ ಇನ್ನೊಂದು ನಿಯಮ. ಆನ್‌ಲೈನ್ ತಂತ್ರಾಂಶಗಳಲ್ಲಿ ಓದಲು ಮಾತ್ರ ಎಂಬ ಪಾತ್ರ ಸಿದ್ಧವಾಗಿಯೇ ಸಿಗುವುದುಂಟು. ಕಚೇರಿಯ ಒಂದೇ ಕಂಪ್ಯೂಟರಿನಲ್ಲಿ ಕೂತಿರುವ ತಂತ್ರಾಂಶದಲ್ಲಿ ಇನ್ನೊಂದು ತೂತು ಇದೆ: ಒಳಗೆ ಎಷ್ಟೇ ಕಟ್ಟುನಿಟ್ಟಾಗಿ ಅಧಿಕಾರ ಹಂಚಿದರೂ, ದತ್ತಾಂಶದ ಫೋಲ್ಡರನ್ನು ವಿಂಡೋಸ್ ಮೂಲಕ ತೆರೆದು ಅಳಿಸುವ ಅಥವಾ ಹಳೆಯ ಬ್ಯಾಕಪ್ಪನ್ನು ಅದರ ಮೇಲೆ ಕೂರಿಸುವ ದಾರಿ ತೆರೆದಿದ್ದರೆ ಲಾಗ್ ಕೂಡ ಹಿಂದಕ್ಕೆ ಹೋಗಿಬಿಡುತ್ತದೆ. ತಿಂಗಳಿಗೊಂದು ಬ್ಯಾಕಪ್ ಪ್ರತಿ ವ್ಯವಸ್ಥಾಪಕರ ಕೈಗೆ ಸಿಗದ ಕಡೆ ಇದ್ದರೆ, ಆ ಪ್ರತಿಯನ್ನೂ ಇಂದಿನ ಪುಸ್ತಕವನ್ನೂ ಹೋಲಿಸಿ ಇದನ್ನು ಹಿಡಿಯಬಹುದು.

ಲಾಗಿನ್ ಕೊಡುವ ದಿನ ಖಜಾಂಚಿ ಐದು ನಿಮಿಷದ ಒಂದು ಪರೀಕ್ಷೆ ಮಾಡಬಹುದು. ಪುಸ್ತಕದ ಒಂದು ನಕಲನ್ನು ತೆರೆದು, ಆಡಿಟರ್ ಲಾಗಿನ್‌ನಿಂದ ಒಂದು ರೂಪಾಯಿಯ ವೋಚರ್ ಹಾಕಲು, ಒಂದು ಹಳೆಯ ವೋಚರಿನ ವಿವರ ಬದಲಿಸಲು, ಒಂದನ್ನು ಅಳಿಸಲು ಪ್ರಯತ್ನಿಸುವುದು. ಮೂರೂ ಸಲ ತಂತ್ರಾಂಶ ಬಿಡಬಾರದು. ಬಳಿಕ ಅದೇ ಲಾಗಿನ್‌ನಿಂದ ಎಡಿಟ್ ಲಾಗ್, ಅಳಿಸಿದ ವೋಚರುಗಳ ಪಟ್ಟಿ, ಹಿಂದಿನ ವರ್ಷದ ಪುಸ್ತಕ ತೆರೆಯುತ್ತವೆಯೇ ನೋಡುವುದು, ಇವನ್ನು ತಡೆಯಬಾರದು. ಮೊದಲ ಅರ್ಧವನ್ನು ಎಲ್ಲರೂ ಮಾಡುತ್ತಾರೆ, ಎರಡನೆಯದನ್ನು ಮರೆಯುತ್ತಾರೆ. ಇದೆಲ್ಲ ಸರಿಯಾಗಿದ್ದರೂ, ನವೆಂಬರ್ 8ರ ಬಾಡಿಗೆಗೆ ರಸೀದಿಯನ್ನೇ ಹರಿಯದೆ ಹಣ ತೆಗೆದುಕೊಂಡಿದ್ದರೆ ತಂತ್ರಾಂಶದಲ್ಲಿ ನೋಡಲು ಏನೂ ಇರುವುದಿಲ್ಲ. ಅದಕ್ಕೆ ಸಭಾಂಗಣದ ಬುಕಿಂಗ್ ರಿಜಿಸ್ಟರ್ ತೆರೆದು, ಕಾರ್ಯಕ್ರಮ ನಡೆದ ಒಂದೊಂದು ದಿನಕ್ಕೂ ಒಂದೊಂದು ರಸೀದಿ ಇದೆಯೇ ಎಂದು ಬೆರಳಿಟ್ಟು ಎಣಿಸಬೇಕು. ಆ ರಿಜಿಸ್ಟರ್ ಇರುವುದು ಕಾವಲುಗಾರನ ಮೇಜಿನ ಮೇಲೆ. ಅದನ್ನೂ ಆಡಿಟರಿಗೆ ತೋರಿಸಬೇಕೆಂಬ ಒಂದು ಸಾಲನ್ನು ಸಮಿತಿ ನಡಾವಳಿಯಲ್ಲಿ ಸೇರಿಸಬಹುದು.